ಮೊದಲ ತಿಂಗಳ ಸಂಪಾದನೆ ಎಂಬತ್ತು ರೂಪಾಯಿ

ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕ್ ಪರೀಕ್ಷೆಗಳನ್ನು ಬರೆದು ಬರೆದು ಬೇಸತ್ತ ಹುಡುಗಿಯೊಬ್ಬಳು ಮ್ಯೂಚುವಲ್ ಫಂಡ್ ವ್ಯವಹಾರಕ್ಕೆ ಇಳಿದಳು ಎಂದುಕೊಳ್ಳೋಣ. ಹೆಸರು ಸುಮಾ ಎಂದಿರಲಿ. ಅವಳು ಕಲ್ಪಿತ ವ್ಯಕ್ತಿ, ಲೆಕ್ಕ ಮಾತ್ರ ನಿಜದ್ದು. ನೆಂಟರು, ಅಪ್ಪನ ಸ್ನೇಹಿತರು, ಕಾಲೇಜಿನ ಮೇಷ್ಟ್ರು ಎಲ್ಲರ ಮನೆ ಬಾಗಿಲು ತಟ್ಟಿ ಅವಳು ನಲವತ್ತು ಕುಟುಂಬಗಳನ್ನು ಒಪ್ಪಿಸಿದಳು. ಒಂದೊಂದು ಮನೆಯಿಂದ ತಿಂಗಳಿಗೆ 3,000 ರೂಪಾಯಿಯ ಎಸ್‌ಐಪಿ. ಒಟ್ಟು ತಿಂಗಳಿಗೆ 1,20,000 ರೂಪಾಯಿ ಹೂಡಿಕೆ. ಹೊಸಬಳಿಗೆ ಇದೇನು ಕಡಿಮೆ ಸಾಧನೆಯಲ್ಲ.

ಈಗ ಅವಳ ಸಂಪಾದನೆ ನೋಡಿ. ಷೇರು ಫಂಡುಗಳಲ್ಲಿ ವಿತರಕರಿಗೆ ಸಿಗುವ ಕಮಿಷನ್ ಫಂಡಿನಿಂದ ಫಂಡಿಗೆ ಬೇರೆ. ಇಲ್ಲಿ ವರ್ಷಕ್ಕೆ ಶೇಕಡ 0.8 ಎಂದು ಹಿಡಿಯೋಣ. ಅದು ಸಿಗುವುದು ಹೂಡಿಕೆ ಮಾಡಿಸಿದ್ದಕ್ಕಲ್ಲ, ಹಣ ಫಂಡಿನಲ್ಲಿ ಉಳಿದಿರುವುದಕ್ಕೆ. 1,20,000ಕ್ಕೆ ವರ್ಷಕ್ಕೆ 960 ರೂಪಾಯಿ, ಅಂದರೆ ಮೊದಲ ತಿಂಗಳಿಗೆ ಎಂಬತ್ತು ರೂಪಾಯಿ. ನಲವತ್ತು ಮನೆ ಓಡಾಡಿದ ಸ್ಕೂಟಿಯ ಪೆಟ್ರೋಲಿಗೂ ಸಾಲದು.

ಈ ಲೆಕ್ಕ ಮೊದಲು ಹೀಗಿರಲಿಲ್ಲ. 2009ರವರೆಗೆ ಷೇರು ಫಂಡಿಗೆ ಹಾಕಿದ ನೂರು ರೂಪಾಯಿಯಲ್ಲಿ ಸಾಮಾನ್ಯವಾಗಿ ಎರಡೂಕಾಲು ರೂಪಾಯಿ ಬಾಗಿಲಲ್ಲೇ ಕಡಿತವಾಗುತ್ತಿತ್ತು. ಅದನ್ನು ಎಂಟ್ರಿ ಲೋಡ್ ಎನ್ನುತ್ತಿದ್ದರು. ಅದರಿಂದಲೇ ಏಜೆಂಟರ ಕಮಿಷನ್ ಹೋಗುತ್ತಿತ್ತು. ಹಾಗಾಗಿ ಹಳೆಯ ಫಂಡಿನಿಂದ ತೆಗೆಸಿ ಹೊಸದಕ್ಕೆ ಹಾಕಿಸಿದಷ್ಟೂ ಏಜೆಂಟರಿಗೆ ಲಾಭ. ಗ್ರಾಹಕನ ಗಂಟು ಮಾತ್ರ ಪ್ರತಿ ಸಲವೂ ಸ್ವಲ್ಪ ಸವೆಯುತ್ತಿತ್ತು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2009ರ ಆಗಸ್ಟ್ 1ರಿಂದ ಎಂಟ್ರಿ ಲೋಡ್ ನಿಲ್ಲಿಸಿತು. ಫಂಡ್ ಕಂಪನಿಗಳು ತಮ್ಮ ಕಡೆಯಿಂದ ಕೊಡುತ್ತಿದ್ದ ಮುಂಗಡ ಕಮಿಷನ್ನಿಗೂ 2018ರ ಅಕ್ಟೋಬರಿನಲ್ಲಿ ತಡೆ ಬಿತ್ತು. ಉಳಿದದ್ದು ಮುಖ್ಯವಾಗಿ ಟ್ರೇಲ್, ಹಣ ಇರುವಷ್ಟು ಕಾಲ ಹನಿಹನಿಯಾಗಿ ಬರುವ ಕಮಿಷನ್. ಗ್ರಾಹಕ ಉಳಿದರೆ ಏಜೆಂಟ್ ಉಳಿದಾನು, ಇಲ್ಲದಿದ್ದರೆ ಇಲ್ಲ. ಈ ಕಸುಬಿನಲ್ಲಿ ನಂಬಿಕೆ ಎಂಬುದು ಒಳ್ಳೆಯ ಗುಣವೊಂದೇ ಅಲ್ಲ, ಆದಾಯದ ಸೂತ್ರವೇ ಅದರ ಮೇಲೆ ನಿಂತಿದೆ.

ಲೈಸೆನ್ಸ್ ಪಡೆಯುವುದು ಇದರಲ್ಲಿ ಸುಲಭದ ಭಾಗ. ಸೆಬಿಯೇ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ‘ಸೀರೀಸ್ 5-ಎ’ ಪರೀಕ್ಷೆ ಬರೆಯಬೇಕು. ಎರಡು ಗಂಟೆ, ನೂರು ಪ್ರಶ್ನೆ, ಐವತ್ತು ಅಂಕ ಬಂದರೆ ಪಾಸು, ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ. ಪಾಸಾದವರು ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯಲ್ಲಿ ನೋಂದಾಯಿಸಿಕೊಂಡರೆ ಎಆರ್‌ಎನ್ ಎಂಬ ಸಂಖ್ಯೆ ಸಿಗುತ್ತದೆ. ಆಮೇಲೆ ಒಂದೊಂದು ಫಂಡ್ ಕಂಪನಿಯ ಜೊತೆಗೂ ಒಪ್ಪಂದ. ಪ್ರಮಾಣಪತ್ರಕ್ಕೆ ಮೂರು ವರ್ಷದ ಆಯುಸ್ಸು, ನಂತರ ಮತ್ತೆ ಪರೀಕ್ಷೆ ಬರೆಯಬೇಕು ಅಥವಾ ಮರುತರಬೇತಿಗೆ ಕೂರಬೇಕು. ಮನಸ್ಸಿಟ್ಟು ಓದಿದರೆ ಕೆಲವೇ ವಾರಗಳ ಕೆಲಸ.

ಆದರೆ ಈ ಸಂಖ್ಯೆ ಕೈಗೆ ಬಂದಾಕ್ಷಣ ಸುಮಾ ವಿಸಿಟಿಂಗ್ ಕಾರ್ಡಿನಲ್ಲಿ ‘ಹಣಕಾಸು ಸಲಹೆಗಾರ್ತಿ’ ಎಂದು ಅಚ್ಚು ಹಾಕಿಸುವಂತಿಲ್ಲ. ಸಲಹೆಗಾರರ ದಾರಿಯೇ ಬೇರೆ. ಅದಕ್ಕೆ 2013ರ ಪ್ರತ್ಯೇಕ ನಿಯಮಾವಳಿ ಇದೆ. 2020ರಿಂದೀಚೆಗೆ ನೋಂದಣಿಯಿಲ್ಲದ ವಿತರಕರು ತಮ್ಮನ್ನು ಸಲಹೆಗಾರರೆಂದು ಕರೆದುಕೊಳ್ಳುವುದನ್ನು ಸೆಬಿ ನಿಷೇಧಿಸಿದೆ. ವಿತರಕರಿಗೆ ಫಂಡ್ ಕಂಪನಿ ಕಮಿಷನ್ ಕೊಡುತ್ತದೆ. ನೋಂದಾಯಿತ ಸಲಹೆಗಾರರಿಗೆ ಗ್ರಾಹಕನೇ ಕೈಯಾರೆ ಫೀಸು ಕೊಡಬೇಕು, ಅವರು ಕಮಿಷನ್ ಮುಟ್ಟುವಂತಿಲ್ಲ. ಸಲಹೆಗಾರರಾಗಲು 10-ಎ ಮತ್ತು 10-ಬಿ ಎಂಬ ಎರಡು ಪರೀಕ್ಷೆಗಳಿವೆ. ಪಾಸಾಗಲು ನೂರಕ್ಕೆ ಅರವತ್ತು ಬೇಕು, ತಪ್ಪು ಉತ್ತರಕ್ಕೆ ಅಂಕವೂ ಕಡಿತ. ಮೊದಲು ಸ್ನಾತಕೋತ್ತರ ಪದವಿ ಮತ್ತು ಐದು ವರ್ಷದ ಅನುಭವ ಕೇಳುತ್ತಿದ್ದರು. 2024ರ ಡಿಸೆಂಬರಿನ ತಿದ್ದುಪಡಿಯ ನಂತರ ಬಿ.ಕಾಂ.ನಂಥ ಪದವಿ ಸಾಕು, ಅನುಭವದ ಷರತ್ತು ಹೋಗಿದೆ. ಸ್ವಂತ ಆಸ್ತಿಯ ಲೆಕ್ಕ ತೋರಿಸುವ ಬದಲು, ಗ್ರಾಹಕರು 150ರೊಳಗಿದ್ದರೆ ಒಂದು ಲಕ್ಷ ರೂಪಾಯಿ ಠೇವಣಿ ಇಟ್ಟರಾಯಿತು. ಬಾಗಿಲನ್ನು ಇಷ್ಟು ಅಗಲ ಮಾಡಿದ್ದಕ್ಕೆ ಕಾರಣವಿದೆ. ದೇಶದಲ್ಲಿ ಫಂಡ್ ವಿತರಕರು ಲಕ್ಷಕ್ಕೂ ಮಿಕ್ಕಿ ಇದ್ದಾರೆ, ನೋಂದಾಯಿತ ಸಲಹೆಗಾರರು ಸಾವಿರದ ಆಸುಪಾಸು.

ಇಲ್ಲಿ ಓದುಗರಿಗೊಂದು ಮಾತು. 2019ರಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕುಟುಂಬಗಳ ಹಣ ಮುಳುಗಿಸಿದ ಐಎಂಎ ಕಂಪನಿಯ ಪೂರ್ತಿ ಹೆಸರಿನಲ್ಲೇ ‘ಅಡ್ವೈಸರಿ’ ಎಂದಿತ್ತು. ಫಲಕದ ಮೇಲೆ ಏನು ಬರೆದಿದೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ನೋಂದಾಯಿತ ಸಲಹೆಗಾರರ ಸಂಖ್ಯೆ INA ಎಂದು ಶುರುವಾಗುತ್ತದೆ, ವಿತರಕರದು ARN ಎಂದು. ಮೊದಲನೆಯದನ್ನು ಸೆಬಿಯ ಜಾಲತಾಣದಲ್ಲಿ, ಎರಡನೆಯದನ್ನು ಆಂಫಿಯ ಜಾಲತಾಣದಲ್ಲಿ ಹುಡುಕಿದರೆ ಹೆಸರು ಸಿಗಬೇಕು. ಸಿಕ್ಕರೂ, ಆ ವ್ಯಕ್ತಿ ಹೂಡಿಕೆಯ ಹಣವನ್ನು ತನ್ನ ಸ್ವಂತ ಖಾತೆಗೆ ಹಾಕಿ ಎಂದರೆ ಅಲ್ಲಿಂದ ಎದ್ದು ಬರಬೇಕು. ಫಂಡಿನ ಹಣ ಹೋಗಬೇಕಾದ್ದು ಫಂಡಿನ ಖಾತೆಗೆ.

ಸುಮಾಳ ನಲವತ್ತು ಮನೆಗಳಿಗೆ ಮರಳೋಣ. ಅವಳ ಮೊದಲ ವರ್ಷ ಕಳೆಯುವುದು ಷೇರುಪೇಟೆಯ ಪಾಂಡಿತ್ಯದಲ್ಲಿ ಅಲ್ಲ, ಇನಿಷಿಯಲ್ಲುಗಳ ಜೊತೆ ಗುದ್ದಾಟದಲ್ಲಿ. ನಮ್ಮವರ ಹೆಸರುಗಳ ಪಾಡು ಎಲ್ಲರಿಗೂ ಗೊತ್ತಿರುವುದೇ. ಆಧಾರ್‌ನಲ್ಲಿ ಮಂಜುನಾಥ ಕೆ.ಎಸ್., ಪ್ಯಾನ್ ಕಾರ್ಡಿನಲ್ಲಿ ಊರು ಮತ್ತು ಅಪ್ಪನ ಹೆಸರು ಸೇರಿ ಮೂರು ಪದ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಕೆ.ಎಸ್. ಮಂಜುನಾಥಪ್ಪ. ಕೆವೈಸಿ ತಿರಸ್ಕೃತವಾಗುತ್ತದೆ. ಅದನ್ನು ಸರಿಪಡಿಸಲು ಸುಮಾ ಅವರನ್ನು ಆಧಾರ್ ಕೇಂದ್ರಕ್ಕೆ ಕರೆದೊಯ್ಯುತ್ತಾಳೆ, ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಾಳೆ. ಹಾಗೇ ನಾಮಿನಿ ಹೆಸರು ಬರೆಸುತ್ತಾಳೆ, ಹೆಂಡತಿಯ ಹೆಸರು ಅವರ ಆಧಾರ್‌ನಲ್ಲಿ ಹೇಗಿದೆಯೋ ಹಾಗೆಯೇ. ಇದಕ್ಕೆಲ್ಲ ಯಾರೂ ಕಾಸು ಕೊಡುವುದಿಲ್ಲ. ಆದರೆ ಮನೆಯ ಯಜಮಾನರು ತೀರಿಕೊಂಡ ದಿನ ಇದರ ಬೆಲೆ ತಿಳಿಯುತ್ತದೆ. ನಾಮಿನಿ ಸರಿಯಾಗಿದ್ದರೆ ಮರಣ ಪ್ರಮಾಣಪತ್ರ, ನಾಮಿನಿಯ ಕೆವೈಸಿ, ಬ್ಯಾಂಕ್ ದಾಖಲೆ ಇಷ್ಟರಲ್ಲಿ ಹೂಡಿಕೆ ಅವರ ಹೆಸರಿಗೆ ಬರುತ್ತದೆ. ಇಲ್ಲದಿದ್ದರೆ ವಾರಸುದಾರರ ಪತ್ರ, ಅಫಿಡವಿಟ್ಟು, ದೊಡ್ಡ ಮೊತ್ತವಾದರೆ ಕೋರ್ಟು. ವೈಕುಂಠ ಸಮಾರಾಧನೆ ಮುಗಿದ ವಾರದಲ್ಲಿ ಬಂದು ಈ ಕಾಗದಗಳನ್ನು ತುಂಬಿಕೊಟ್ಟ ಏಜೆಂಟಳನ್ನು ಆ ಮನೆ ಮಾತ್ರವಲ್ಲ, ಅಲ್ಲಿಗೆ ಬಂದಿದ್ದ ನೆಂಟರೂ ನೆನಪಿಡುತ್ತಾರೆ. ಈ ಕಸುಬಿನಲ್ಲಿ ಹೊಸ ಗ್ರಾಹಕರು ಬರುವುದು ಹೆಚ್ಚಾಗಿ ಇಂಥ ಮನೆಗಳ ಮೂಲಕ, ಕರಪತ್ರಗಳ ಮೂಲಕವಲ್ಲ.

ಇನ್ನೊಂದು ಪರೀಕ್ಷೆ ಪೇಟೆ ಬಿದ್ದಾಗ. 2020ರ ಜನವರಿಯ ನಡುವಿನಿಂದ ಮಾರ್ಚ್ 23ರವರೆಗೆ ನಿಫ್ಟಿ ಸುಮಾರು ಶೇಕಡ 38ರಷ್ಟು ಕುಸಿಯಿತು. ಅಂಥ ದಿನ ಫೋನು ಬರುತ್ತದೆ. “ಏನಮ್ಮಾ, ದುಡ್ಡೆಲ್ಲಾ ಹೋಯ್ತಲ್ಲಾ! ನಿಲ್ಲಿಸಿಬಿಡು ಅತ್ಲಾಗೆ.” ಪೇಟೆ ಮತ್ತೆ ಏರುತ್ತದೆ ಎಂದು ಭರವಸೆ ಕೊಡುವುದು ಇಲ್ಲಿ ಕೆಟ್ಟ ಉತ್ತರ, ಯಾವಾಗ ಏರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಕಸುಬು ಬಲ್ಲವರು ಕೇಳುವುದು ಒಂದೇ ಪ್ರಶ್ನೆ: “ಅಂಕಲ್, ಈ ದುಡ್ಡು ನಿಮಗೆ ಯಾವಾಗ ಬೇಕು?” ಹತ್ತು ವರ್ಷದ ನಂತರದ ನಿವೃತ್ತಿಗಾದರೆ ಎಸ್‌ಐಪಿ ನಿಲ್ಲಿಸಲು ಕಾರಣವಿಲ್ಲ. ಅದೇ ಜೂನ್‌ನಲ್ಲಿ ಕಟ್ಟಬೇಕಾದ ಮಗಳ ಕಾಲೇಜು ಫೀಸಾಗಿದ್ದರೆ, ಅದು ಷೇರು ಫಂಡಿನಲ್ಲಿ ಇರಲೇಬಾರದಿತ್ತು. ತಪ್ಪು ಮಾರ್ಚಿನಲ್ಲಿ ನಡೆದದ್ದಲ್ಲ, ಹಣ ಹಾಕಿಸಿದ ದಿನವೇ ನಡೆದಿದೆ. ಪೇಟೆ ಅದೇ ವರ್ಷದ ನವೆಂಬರಿನಲ್ಲಿ ಹಳೆಯ ಎತ್ತರವನ್ನು ದಾಟಿತು ನಿಜ. ಆದರೆ ಜೂನ್‌ನಲ್ಲಿ ಫೀಸು ಕಟ್ಟಬೇಕಾದವರಿಗೆ ಅದರಿಂದ ಏನು ಪ್ರಯೋಜನ?

ಅದೇ ವರ್ಷದ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಆರು ಸಾಲಪತ್ರ ಫಂಡುಗಳನ್ನು ಮುಚ್ಚುವುದಾಗಿ ಘೋಷಿಸಿದಾಗ ಏಟು ಇನ್ನೂ ಆಳವಾಗಿತ್ತು. ಷೇರು ಫಂಡು ಬೀಳಬಹುದು ಎಂದು ಗ್ರಾಹಕರಿಗೆ ಗೊತ್ತಿತ್ತು. ಇವನ್ನು ಎಷ್ಟೋ ಕಡೆ ‘ಎಫ್‌ಡಿ ಇದ್ದ ಹಾಗೆ’ ಎಂದು ಹೇಳಿ ಮಾರಲಾಗಿತ್ತು. ಮುಂದೆ ಕಂತುಕಂತಾಗಿ ಹಣ ವಾಪಸಾಯಿತು. ಆದರೆ ಆ ಒಂದು ಮಾತು ಹೇಳಿದ್ದ ಏಜೆಂಟರ ಬಳಿಗೆ ಜನ ವಾಪಸಾಗುವುದು ಕಷ್ಟ.

ಐದು ವರ್ಷವಾಯಿತು ಎನ್ನಿ. ನಲವತ್ತು ಮನೆಗಳಲ್ಲಿ ಒಂದೂ ಬಿಡದೆ ಕಂತು ಕಟ್ಟಿದ್ದರೆ, ಇದು ತೀರಾ ಉದಾರ ಊಹೆ, ಹಾಕಿದ ಹಣ 72 ಲಕ್ಷ. ವರ್ಷಕ್ಕೆ ಶೇಕಡ 10ರ ಬೆಳವಣಿಗೆ ಹಿಡಿದರೆ ಸುಮಾರು 93 ಲಕ್ಷ. ಅದರ ಮೇಲೆ ಸುಮಾಳ ಟ್ರೇಲ್ ತಿಂಗಳಿಗೆ ಸುಮಾರು 6,200 ರೂಪಾಯಿ. ಇಷ್ಟರಲ್ಲಿ ಸಂಸಾರ ನಡೆಯುವುದಿಲ್ಲ. ಅವಳಿಗೆ ಇನ್ನೂ ಇನ್ನೂರು ಮನೆ ಬೇಕು, ಅಲ್ಲಿಯವರೆಗೆ ಬೇರೊಂದು ಆದಾಯ ಬೇಕು. ಈ ಅಂತರದಲ್ಲೇ ಬಹಳ ಜನ ಕಸುಬು ಬಿಡುತ್ತಾರೆ, ಅಥವಾ ಕೆಡುತ್ತಾರೆ. ಮೊದಲ ವರ್ಷದ ಕಂತಿನಿಂದಲೇ ದೊಡ್ಡ ಪಾಲು ಕಮಿಷನ್ ಬರುವ ವಿಮಾ ಪಾಲಿಸಿಯನ್ನು ಹೂಡಿಕೆಯೆಂದು ದಾಟಿಸುವ ಆಸೆ ಹುಟ್ಟುವುದು ಆಗಲೇ. ಕಮಿಷನ್ ಹೆಚ್ಚಿರುವ ಹೊಸ ಫಂಡಿಗೆ ಹಳೆಯದನ್ನು ಬದಲಾಯಿಸುವ ಚಪಲವೂ ಆಗಲೇ. ಟ್ರೇಲ್ ಪದ್ಧತಿಗೂ ಅದರದೇ ಓರೆ ಇದೆ: ಮನೆಸಾಲ ತೀರಿಸಲು ಹಣ ತೆಗೆಯಿರಿ ಎಂದರೆ ಆ ಮಾತು ಹೇಳಿದವರ ಆದಾಯವೇ ಇಳಿಯುತ್ತದೆ. ಹಾಗಿದ್ದೂ ಆ ಮಾತು ಹೇಳಿದ ಏಜೆಂಟ್ ನಿಮಗೆ ಸಿಕ್ಕಿದ್ದರೆ ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ.

ಕಮಿಷನ್ ಎಷ್ಟೆಂದು ತಿಳಿಯುವುದಕ್ಕೆ ಗ್ರಾಹಕನಿಗೆ ದಾರಿಯಿದೆ. ಅರ್ಧವಾರ್ಷಿಕ ಖಾತೆ ವಿವರಪಟ್ಟಿಯಲ್ಲಿ ವಿತರಕರಿಗೆ ಸಂದ ಮೊತ್ತವನ್ನು ರೂಪಾಯಿ ಲೆಕ್ಕದಲ್ಲೇ ಕಾಣಿಸಬೇಕೆಂದು 2016ರಿಂದ ನಿಯಮವಿದೆ. ಬಹುತೇಕರು ಆ ಪುಟದವರೆಗೆ ಹೋಗುವುದೇ ಇಲ್ಲ. 2013ರಿಂದ ಏಜೆಂಟರಿಲ್ಲದೆ ಕೊಳ್ಳುವ ‘ಡೈರೆಕ್ಟ್’ ಯೋಜನೆಗಳೂ ಇವೆ. ಹತ್ತು ಲಕ್ಷದ ಹೂಡಿಕೆಗೆ ಶೇಕಡ 0.8ರ ಲೆಕ್ಕದಲ್ಲಿ ವರ್ಷಕ್ಕೆ 8,000 ರೂಪಾಯಿ ಅಲ್ಲಿ ಉಳಿಯುತ್ತದೆ.

ಆ 8,000ದಲ್ಲೇ ಸುಮಾಳ ಮುಂದಿನ ನಿರ್ಧಾರ ಅಡಗಿದೆ. ಅವಳು ವಿತರಣೆ ಬಿಟ್ಟು ನೋಂದಾಯಿತ ಸಲಹೆಗಾರ್ತಿಯಾಗಬಹುದು. ನಿಯಮದ ಪ್ರಕಾರ ಒಂದು ಕುಟುಂಬದಿಂದ ವರ್ಷಕ್ಕೆ 1,51,000 ರೂಪಾಯಿವರೆಗೆ ನಿಗದಿತ ಫೀಸು ತೆಗೆದುಕೊಳ್ಳಲು ಅವಕಾಶವಿದೆ. ಅವಳು ಕೇಳುವುದು 8,000 ಮಾತ್ರ ಎಂದುಕೊಳ್ಳಿ. ನಲವತ್ತು ಮನೆಗೆ 3,20,000, ಟ್ರೇಲ್‌ನಿಂದ ಬರುತ್ತಿದ್ದುದರ ನಾಲ್ಕು ಪಟ್ಟಿಗೂ ಹೆಚ್ಚು. ಆದರೆ ಈ ಮನೆಗಳ ಹೂಡಿಕೆ ಸರಾಸರಿ ಎರಡೂಕಾಲು ಲಕ್ಷದ ಆಸುಪಾಸು, ಇವರು ಈಗ ಕಣ್ಣಿಗೆ ಕಾಣದಂತೆ ಕೊಡುತ್ತಿರುವುದು ವರ್ಷಕ್ಕೆ 1,900 ರೂಪಾಯಿಗಿಂತ ಕಡಿಮೆ. ಅವರಿಗೆ 8,000 ಫೀಸು ನ್ಯಾಯವೂ ಅಲ್ಲ, ಅವರು ಕೊಡುವುದೂ ಇಲ್ಲ. ಐವತ್ತು ಲಕ್ಷ ಇಟ್ಟಿರುವ ಡಾಕ್ಟರಿಗೆ ಅದೇ ಫೀಸು ದೊಡ್ಡ ಉಳಿತಾಯ. ಹಾಗಾಗಿ ಸಲಹೆಗಾರರು ಹೆಚ್ಚಾಗಿ ಬೆಂಗಳೂರಿನಂಥ ನಗರಗಳ ದೊಡ್ಡ ಸಂಬಳದವರ ಸುತ್ತಲೇ ಬೆಳೆಯುತ್ತಾರೆ. ಮೂರು ಸಾವಿರದ ಎಸ್‌ಐಪಿ ಕಟ್ಟುವ ಮನೆಗೆ ಬರುವವಳು, ಸದ್ಯಕ್ಕೆ, ಕಮಿಷನ್ ನಂಬಿ ಬದುಕುವ ಸುಮಾ ಒಬ್ಬಳೇ.