ಯಾವ ಊರಿನ ಐದು ಗಂಟೆ?

ನಮ್ಮ ಮನೆತನಗಳ ಎಷ್ಟೋ ಮಕ್ಕಳು ಇಂದು ಬೆಂಗಳೂರಿನಲ್ಲಿ ಕುಳಿತು ನ್ಯೂಯಾರ್ಕಿನ ಸಹೋದ್ಯೋಗಿಗಳೊಡನೆ ಕಾರ್ಯನಿರ್ವಹಿಸುತ್ತಿದ್ದಾರೆ. ಅವರ ವ್ಯವಹಾರವೆಲ್ಲ ಇ-ಮೇಲ್ ಮೂಲಕ. ಆ ಪತ್ರಗಳಲ್ಲಿ ತೊಡಕನ್ನು ತರುವ ಮಾತೊಂದುಂಟು: "ಶುಕ್ರವಾರ ಮಧ್ಯರಾತ್ರಿಯೊಳಗೆ ಕಳುಹಿಸಿರಿ."

ಪಂಚಾಂಗದ ರೀತಿಯಲ್ಲಿ ವಾರವು ಸೂರ್ಯೋದಯದಿಂದ ಸೂರ್ಯೋದಯದವರೆಗೆ. ಆದುದರಿಂದ ನಮ್ಮ ಹಿರಿಯರಿಗೆ ಶುಕ್ರವಾರದ ಮಧ್ಯರಾತ್ರಿಯೆಂದರೆ ಶುಕ್ರವಾರದ ಹಗಲು ಕಳೆದ ಮೇಲಿನ ರಾತ್ರಿಯೇ. ಗಡಿಯಾರದ ಲೆಕ್ಕದಲ್ಲಾದರೋ ಗುರುವಾರ ರಾತ್ರಿ 12ಕ್ಕೇ ಶುಕ್ರವಾರ ಆರಂಭವಾಗುತ್ತದೆ. ಎರಡು ಅರ್ಥಗಳ ನಡುವೆ ಇಡೀ ಒಂದು ದಿನದ ಅಂತರ! ಗಡುವಿಗೆ 12 ಗಂಟೆಯನ್ನು ಬಳಸದೆ ರಾತ್ರಿ 11:59 ಎಂದೋ ಸಂಜೆ 5 ಎಂದೋ ಬರೆಯುವುದು ಲೇಸು.

ಆದರೆ ಯಾವ ಊರಿನ 5 ಗಂಟೆ? ಭಾರತದ ಗಡಿಯಾರ ವರ್ಷವಿಡೀ ಒಂದೇ ತೆರನಾಗಿ ನಡೆಯುತ್ತದೆ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಸರಿಸುತ್ತಾರೆ. ನವೆಂಬರದ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಆದುದರಿಂದ ನಮಗೂ ನ್ಯೂಯಾರ್ಕಿಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ, ಉಳಿದ ಕಾಲದಲ್ಲಿ ಒಂಬತ್ತೂವರೆ ಗಂಟೆಗಳ ಅಂತರ.

2026ರ ಮಾರ್ಚ್ ತಿಂಗಳನ್ನೇ ತೆಗೆದುಕೊಳ್ಳೋಣ. ನ್ಯೂಯಾರ್ಕಿನ ಗ್ರಾಹಕನೊಬ್ಬನಿಗೆ ಪ್ರತಿ ಶುಕ್ರವಾರ ಅಲ್ಲಿನ ಸಂಜೆ 5ರೊಳಗೆ ವರದಿ ತಲುಪಬೇಕು. ಮಾರ್ಚ್ 6ರ ಆ ಹೊತ್ತು ಬೆಂಗಳೂರಿನಲ್ಲಿ ಶನಿವಾರ ಬೆಳಗಿನ ಜಾವ 3:30. ಚಳಿಗಾಲವೆಲ್ಲ 3:15ಕ್ಕೆ ಕಳುಹಿಸಿ ರೂಢಿಯಾದ ತರುಣನು ಮುಂದಿನ ವಾರವೂ ಹಾಗೆಯೇ ಕಳುಹಿಸಿದರೆ ಅಲ್ಲಿ ಆಗಲೇ 5:45 ಆಗಿರುತ್ತದೆ. ಮಾರ್ಚ್ 8ರಂದು ಅಲ್ಲಿಯ ಮುಳ್ಳು ಸರಿದಿರುತ್ತದೆ. ಈತನು ಎಚ್ಚರದಿಂದ ದುಡಿದ ರಾತ್ರಿ ವ್ಯರ್ಥ. ವರದಿ ತಡವಾಯಿತೆಂಬ ಮಾತೂ ಈತನ ಪಾಲಿಗೇ.

ಇದನ್ನು ತಪ್ಪಿಸಲು ಗಡುವನ್ನು ಹೀಗೆ ಬರೆಯಬಹುದು: "ಶುಕ್ರವಾರ, 13 ಮಾರ್ಚ್ 2026, ಸಂಜೆ 5 ಗಂಟೆ, ನ್ಯೂಯಾರ್ಕ್ ಸಮಯ, ಬೆಂಗಳೂರಿನಲ್ಲಿ ಶನಿವಾರ, 14 ಮಾರ್ಚ್, ಬೆಳಗಿನ ಜಾವ 2:30." ತಿಂಗಳನ್ನು ಅಕ್ಷರದಲ್ಲಿಯೇ ಬರೆಯಬೇಕು, 6/3 ಎಂಬುದು ನಮಗೆ ಮಾರ್ಚ್ 6, ಅಮೆರಿಕದವರಿಗೆ ಜೂನ್ 3. ಊರಿನ ಹೆಸರಿಗೆ ಬದಲು ಐ.ಎಸ್.ಟಿ. ಎಂದರೆ ಸಾಲದು, ಐರ್ಲೆಂಡ್, ಇಸ್ರೇಲುಗಳೂ ತಮ್ಮ ಸಮಯಕ್ಕೆ ಅವೇ ಅಕ್ಷರಗಳನ್ನು ಬಳಸುತ್ತವೆ.

ಪತ್ರವನ್ನು ಮೊದಲೇ ಬರೆದಿಟ್ಟು, ನಿಗದಿತ ವೇಳೆಗೆ ತಾನಾಗಿಯೇ ಹೋಗುವಂತೆ ಮಾಡುವ ಅನುಕೂಲ ಜಿಮೇಲಿನಲ್ಲಿದೆ. ಅಲ್ಲಿ ಗೊತ್ತುಪಡಿಸುವ ವೇಳೆ ಕಳುಹಿಸುವವನ ಊರಿನದು, ಪಡೆಯುವವನದಲ್ಲ. ಬೆಂಗಳೂರಿನಲ್ಲಿದ್ದು ಸೋಮವಾರ, ಮಾರ್ಚ್ 9, ಬೆಳಿಗ್ಗೆ 9 ಎಂದು ಗೊತ್ತುಪಡಿಸಿದರೆ ಅದು ನ್ಯೂಯಾರ್ಕಿಗೆ ಭಾನುವಾರ ರಾತ್ರಿ 11:30ಕ್ಕೆ ಮುಟ್ಟುತ್ತದೆ. ಅಲ್ಲಿಯ ಬೆಳಗಿನ 9ಕ್ಕೆ ಮುಟ್ಟಬೇಕಾದರೆ ಇಲ್ಲಿ ಸಂಜೆ 6:30 ಎಂದಿಡಬೇಕು. ನವೆಂಬರ್ 1ರ ಭಾನುವಾರ ಅಲ್ಲಿಯ ಮುಳ್ಳು ಹಿಂದಕ್ಕೆ ಬಂದ ಮೇಲೆ ಅದೇ ಪತ್ರಕ್ಕೆ ಇಲ್ಲಿ 7:30 ಎಂದಿಡಬೇಕು.