ಬೆವರುವ ಪೈಪಿಗೆ ಎಷ್ಟು ದಪ್ಪದ ಹೊದಿಕೆ?

ಜುಲೈ ತಿಂಗಳ ಮಂಗಳೂರು. ಆಸ್ಪತ್ರೆಯೊಂದರ ನೆಲಮಾಳಿಗೆಯ ಪ್ಲಾಂಟ್ ರೂಮಿನಲ್ಲಿ ಮೂರು ಬಕೆಟ್‌ಗಳು ಸಾಲಾಗಿ ಕೂತಿದ್ದವು. ಮೇಲೆ ಅಲ್ಯೂಮಿನಿಯಂ ತಗಡು ಸುತ್ತಿಕೊಂಡು ಮಿರಿಮಿರಿ ಮಿಂಚುವ ಪೈಪು. ಅದರ ಹೊಟ್ಟೆಯ ಉದ್ದಕ್ಕೂ ಮುತ್ತು ಪೋಣಿಸಿದಂತೆ ಹನಿಗಳು. ಪಂಪಿನ ಪ್ಯಾನೆಲ್ ಮೇಲೆ ನೀರು ಬೀಳದಿರಲೆಂದು ಯಾರೋ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದರು.

"ಲೀಕೇಜ್ ಅಲ್ಲ ಮಾರಾಯ್ರೇ, ಪ್ರೆಶರ್ ಟೆಸ್ಟ್ ಮಾಡಿ ನೋಡಿ ಆಯ್ತು. ಇದು ಬೆವರುವುದು" ಎಂದರು ಅಲ್ಲಿನ ಆಪರೇಟರ್. ಬಳಿಕ ಅವರು ಹೇಳಿದ್ದೇ ನನ್ನ ಕುತೂಹಲ ಕೆರಳಿಸಿದ್ದು. "ಹೋದ ಮಳೆಗಾಲದಲ್ಲಿ ಇಷ್ಟು ಇರಲಿಲ್ಲ. ಬೇಸಿಗೆಯಲ್ಲಿ ಚಂದ ಕಾಣಲಿ ಅಂತ ತಗಡು ಹೊದಿಸಿದರು. ಅಲ್ಲಿಂದ ಶುರು."

ಹೊದಿಕೆಯ ಮೇಲೆ ಇನ್ನೊಂದು ಹೊದಿಕೆ ಬಂದ ಮೇಲೆ ಪೈಪು ಹೆಚ್ಚು ಬೆವರುವುದೆಂದರೇನು? ಉತ್ತರ ಬೇಕಾದರೆ ಆ ಹೊದಿಕೆ ಇರುವುದು ಯಾಕೆ ಎಂಬಲ್ಲಿಂದ ಹೊರಡಬೇಕು.

ದೊಡ್ಡ ಕಟ್ಟಡಗಳ ಹವಾನಿಯಂತ್ರಣಕ್ಕೆ ಚಿಲ್ಲರ್ ಯಂತ್ರ ನೀರನ್ನು ಸುಮಾರು 6 ಡಿಗ್ರಿಗೆ ತಣಿಸಿ ಮಹಡಿಗಳಿಗೆ ಕಳಿಸುತ್ತದೆ. ಅದು ಹನ್ನೆರಡೋ ಹದಿಮೂರೋ ಡಿಗ್ರಿಯಾಗಿ ಮರಳುತ್ತದೆ. ಹೋಗುವ ಪೈಪನ್ನು ಬರಿದೇ ಬಿಟ್ಟರೆ ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿಯ ಗತಿಯೇ ಅದಕ್ಕೂ. ಗಾಳಿಯಲ್ಲಿರುವ ನೀರಾವಿ ಒಂದು ಮಟ್ಟಕ್ಕಿಂತ ತಣ್ಣಗಿನ ಮೈ ಸಿಕ್ಕಿದ ಕೂಡಲೇ ಅದರ ಮೇಲೆ ಹನಿಯಾಗಿ ಕೂರುತ್ತದೆ. ಆ ಮಟ್ಟಕ್ಕೆ ಇಬ್ಬನಿ ಬಿಂದು ಎನ್ನುತ್ತಾರೆ. ಕರಾವಳಿಯ ಮಳೆಗಾಲದಲ್ಲಿ ಕೋಣೆಯ ಗಾಳಿ 28 ಡಿಗ್ರಿ, ತೇವಾಂಶ ಶೇ. 90 ಎಂದುಕೊಳ್ಳಿ. ಇಬ್ಬನಿ ಬಿಂದು 26.2 ಡಿಗ್ರಿ. ಗಾಳಿಗಿಂತ ಬರೀ 1.8 ಡಿಗ್ರಿ ತಣ್ಣಗಿರುವ ಯಾವ ವಸ್ತುವೂ ಅಲ್ಲಿ ಒದ್ದೆಯಾಗುತ್ತದೆ.

ಅಂದರೆ ಹೊದಿಕೆಯ ಹೊರಮೈ 26.2 ಡಿಗ್ರಿಗಿಂತ ಮೇಲಿರಬೇಕು, ಒಳಗೆ 6 ಡಿಗ್ರಿಯ ನೀರು ಹರಿಯುತ್ತಿರುವಾಗ. ದಪ್ಪದ ಲೆಕ್ಕ ಹುಟ್ಟುವುದು ಇಲ್ಲಿಂದ. ಕರೆಂಟು ಉಳಿಸಲು ಬೇಕಾದ ದಪ್ಪ ಬೇರೆ, ಬೆವರು ತಡೆಯಲು ಬೇಕಾದ ದಪ್ಪ ಬೇರೆ. ಒಣ ಊರಿನಲ್ಲಿ ಮೊದಲನೆಯದು ಸಾಕಾಗುತ್ತದೆ, ಕರಾವಳಿಯಲ್ಲಿ ಅದನ್ನು ನಂಬಿದರೆ ಬಕೆಟ್ ಇಡಬೇಕಾಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ಕೋಣೆಯ ಗಾಳಿಯಿಂದ ನೀರಿನವರೆಗೆ ಶಾಖ ಎರಡು ತಡೆಗಳನ್ನು ದಾಟಬೇಕು. ಒಂದು, ಹೊದಿಕೆಯ ಮೈಗೆ ಅಂಟಿಕೊಂಡಂತಿರುವ ತೆಳು ಗಾಳಿಪೊರೆ. ಇನ್ನೊಂದು, ಹೊದಿಕೆ. ಒಟ್ಟು 22 ಡಿಗ್ರಿಯ ಇಳಿತವನ್ನು ಈ ಎರಡೂ ತಮ್ಮ ತಮ್ಮ ಬಲಕ್ಕೆ ತಕ್ಕಂತೆ ಹಂಚಿಕೊಳ್ಳುತ್ತವೆ. ಗಾಳಿಪೊರೆಯ ಪಾಲು 1.8 ಡಿಗ್ರಿ ಮೀರಬಾರದು, ಉಳಿದ 20.2 ಡಿಗ್ರಿಯನ್ನು ಹೊದಿಕೆಯೇ ಹೊರಬೇಕು. ಎಂದರೆ ಹೊದಿಕೆಯ ತಡೆ ಗಾಳಿಪೊರೆಯ ತಡೆಗಿಂತ ಹನ್ನೊಂದು ಪಟ್ಟು ಇರಬೇಕು. ಪ್ಲಾಂಟ್ ರೂಮುಗಳಲ್ಲಿ ಸಾಮಾನ್ಯವಾಗಿ ಕಾಣುವ ಕಪ್ಪು ನೈಟ್ರೈಲ್ ರಬ್ಬರಿನ ವಿಷಯದಲ್ಲಿ, ನಿಶ್ಚಲ ಗಾಳಿಯ ಪೊರೆ ಹೆಚ್ಚುಕಡಿಮೆ 4 ಮಿ.ಮೀ. ರಬ್ಬರಿಗೆ ಸಮ. ಅದರ ಹನ್ನೊಂದು ಪಟ್ಟೆಂದರೆ 45 ಮಿ.ಮೀ. ಇದು ಚಪ್ಪಟೆ ಗೋಡೆಗೆ. ಪೈಪು ದುಂಡಗಿರುವುದರಿಂದ ಹೊದಿಕೆ ದಪ್ಪವಾದಷ್ಟೂ ಹೊರಮೈ ಅಗಲವಾಗಿ ಕೋಣೆಯ ಶಾಖವನ್ನು ಹೆಚ್ಚು ಹೀರಿಕೊಳ್ಳುತ್ತದೆ, ಸ್ವಲ್ಪ ರಿಯಾಯಿತಿ ಸಿಗುತ್ತದೆ. ನಾಲ್ಕು ಇಂಚಿನ ಪೈಪಿಗೆ 36 ಮಿ.ಮೀ. ಸಾಕು. ಪೈಪು ದೊಡ್ಡದಾದಷ್ಟೂ ಈ ರಿಯಾಯಿತಿ ಕರಗುತ್ತದೆ. ಹನ್ನೆರಡು ಇಂಚಿನದಕ್ಕೆ 40 ಮಿ.ಮೀ. ಬೇಕು.

ಇದೇ ನಾಲ್ಕು ಇಂಚಿನ ಪೈಪು, ಇದೇ 28 ಡಿಗ್ರಿ ಗಾಳಿ ಇಟ್ಟುಕೊಂಡು ತೇವಾಂಶವನ್ನು ಮಾತ್ರ ಬದಲಿಸುತ್ತ ಹೋದೆ. ಶೇ. 60 ಇದ್ದರೆ 6 ಮಿ.ಮೀ. ಸಾಕು. 80ಕ್ಕೆ 17 ಬೇಕು. 85ಕ್ಕೆ 24, 90ಕ್ಕೆ 36. ಶೇ. 95 ಎಂದರೆ 67! ಕೊನೆಯ ಐದು ಅಂಕ ಏರುವಷ್ಟರಲ್ಲಿ ದಪ್ಪ ಎರಡು ಪಟ್ಟಿನ ಹತ್ತಿರ ಹೋಗುತ್ತದೆ, ಯಾಕೆಂದರೆ ಗಾಳಿಪೊರೆಗೆ ಬಿಟ್ಟುಕೊಟ್ಟಿದ್ದ 1.8 ಡಿಗ್ರಿ ಅಲ್ಲಿಗೆ ಒಂದು ಡಿಗ್ರಿಗಿಂತ ಕಮ್ಮಿಯಾಗಿರುತ್ತದೆ. ನೀರನ್ನು 6ರ ಬದಲು 8 ಡಿಗ್ರಿಗೆ ಏರಿಸಿದರೆ? ಶೇ. 90ರಲ್ಲಿ ಉಳಿಯುವುದು ಮೂರು ಮಿ.ಮೀ. ಮಾತ್ರ. ಅದೇ ತೇವಾಂಶವನ್ನು 90ರಿಂದ 85ಕ್ಕೆ ಇಳಿಸಿದರೆ 12 ಮಿ.ಮೀ. ಉಳಿಯುತ್ತದೆ. ಒಳಗಿನ ನೀರಿಗಿಂತ ಹೊರಗಿನ ಗಾಳಿಯೇ ಇಲ್ಲಿ ಯಜಮಾನ. ಹಾಗಾಗಿಯೇ ಮಳೆ ಸುರಿಯುತ್ತಿರುವಾಗ ಎಕ್ಸಾಸ್ಟ್ ಫ್ಯಾನ್ ಹಾಕಿ ಪ್ಲಾಂಟ್ ರೂಮನ್ನು 'ಒಣಗಿಸಲು' ಹೊರಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಆ ಫ್ಯಾನು ಎಷ್ಟು ಗಾಳಿ ಹೊರಹಾಕುತ್ತದೋ ಅಷ್ಟೇ ಮಳೆಗಾಳಿಯನ್ನು ಬಾಗಿಲಿನಿಂದ ಒಳಗೆ ಎಳೆಯುತ್ತದೆ.

ಆಸ್ಪತ್ರೆಗೆ ಮರಳೋಣ. ಅದೂ ನಾಲ್ಕು ಇಂಚಿನ ಪೈಪು, ಮೇಲೆ 25 ಮಿ.ಮೀ. ರಬ್ಬರು. ಅಂದಿನ ಗಾಳಿ 28 ಡಿಗ್ರಿ, ತೇವಾಂಶ 85, ಇಬ್ಬನಿ ಬಿಂದು 25.2. ನಮ್ಮ ಲೆಕ್ಕದಂತೆ 24 ಮಿ.ಮೀ. ಸಾಕು, ಹಾಕಿದ್ದು 25. ಕಾಗದದ ಮೇಲೆ ಪಾಸು. ಸಂಗಡ ಬಂದಿದ್ದ ಯುವ ಎಂಜಿನಿಯರ್ ಇನ್‌ಫ್ರಾರೆಡ್ ಗನ್ ಹಿಡಿದು ತಗಡಿನ ಮೈ ಅಳೆದರು. 28 ಡಿಗ್ರಿ ತೋರಿಸಿತು! ಎದುರಿಗೇ ಹನಿ ತೊಟ್ಟಿಕ್ಕುತ್ತಿದೆ, ಉಪಕರಣ ಮಾತ್ರ ಎಲ್ಲ ಸರಿಯಿದೆ ಎನ್ನುತ್ತಿದೆ. ಆಪರೇಟರ್ ಹತ್ತಿರ ಕರೆಂಟ್ ಕೆಲಸದ ಕಪ್ಪು ಟೇಪ್ ಇತ್ತು. ಒಂದು ಕಡೆ ನೀರು ಒರೆಸಿ ಟೇಪು ಅಂಟಿಸಿ, ಐದು ನಿಮಿಷ ಬಿಟ್ಟು ಅದರ ಮೇಲೆ ಅಳೆದಾಗ 24ಕ್ಕಿಂತ ತುಸು ಕೆಳಗೆ ಬಂತು.

ಟೇಪಿನಿಂದ ಎರಡು ಗುಟ್ಟು ಒಟ್ಟಿಗೇ ಬಯಲಾದವು. ಮಿಂಚುವ ಲೋಹ ಕನ್ನಡಿಯಂತೆ. ಗನ್ ಓದಿದ್ದು ತಗಡನ್ನಲ್ಲ, ತಗಡಿನಲ್ಲಿ ಪ್ರತಿಫಲಿಸಿದ ಗೋಡೆಯನ್ನು. ಇದೇ ಗುಣದಿಂದಲೇ ಬೆವರೂ ಬಂದಿದ್ದು. ಬರಿಯ ಕಪ್ಪು ರಬ್ಬರು ಕೋಣೆಯಿಂದ ಪಡೆಯುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಗಾಳಿಯಿಂದಲ್ಲ. ಗೋಡೆ, ಸೂರು, ಯಂತ್ರಗಳು ಸೂಸುವ ಕಣ್ಣಿಗೆ ಕಾಣದ ವಿಕಿರಣದಿಂದ. ಮಿಂಚುವ ತಗಡು ಅದನ್ನೆಲ್ಲ ಹಿಂದಕ್ಕೆ ತಳ್ಳುತ್ತದೆ. ಶಾಖ ಸಿಗದ ಮೈ ಇನ್ನಷ್ಟು ತಣ್ಣಗಾಗುತ್ತದೆ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, 4 ಮಿ.ಮೀ. ರಬ್ಬರಿಗೆ ಸಮನಾಗಿದ್ದ ಪೊರೆಯ ತಡೆ ಈಗ 7 ಮಿ.ಮೀ. ದಾಟಿತು. ಬೇಕಾದ ದಪ್ಪ 24ರಿಂದ 39ಕ್ಕೆ ಜಿಗಿಯಿತು. ಶೇ. 90ರ ದಿನಕ್ಕಾದರೆ 36ರಿಂದ 58ಕ್ಕೆ. ಬರಿ ರಬ್ಬರಿದ್ದಾಗ ತೇವಾಂಶ 86 ತಲುಪುವವರೆಗೆ ಒಣಗಿರುತ್ತಿದ್ದ ಪೈಪು ತಗಡು ಸುತ್ತಿದ ಮೇಲೆ 77ಕ್ಕೇ ಬೆವರತೊಡಗಿತ್ತು. ಮಂಗಳೂರಿನ ಮಳೆಗಾಲದಲ್ಲಿ 77 ಯಾವ ಲೆಕ್ಕ?

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಅಗ್ಗದ ಪರೀಕ್ಷೆ ಇದೆ. ಪೆಡೆಸ್ಟಲ್ ಫ್ಯಾನ್ ತಂದು ಪೈಪಿನತ್ತ ತಿರುಗಿಸಿದೆವು. ಬೀಸುವ ಗಾಳಿ ಪೊರೆಯನ್ನು ತೆಳುವಾಗಿಸುತ್ತದೆ, ಮೈ ಬೆಚ್ಚಗಾಗುತ್ತದೆ. ಅರ್ಧ ಗಂಟೆಯಲ್ಲಿ ಫ್ಯಾನಿನ ಎದುರಿದ್ದ ಭಾಗ ಒಣಗಿತು. ಪೈಪು ಉದ್ದಕ್ಕೂ ಒಂದೇ ಸಮ ಬೆವರುತ್ತಿದ್ದು, ಫ್ಯಾನಿಗೆ ನಿಂತರೆ ತಪ್ಪು ದಪ್ಪದ್ದು ಅಥವಾ ಹೊರಮೈಯದ್ದು. ಒಂದೇ ಜಾಗದಲ್ಲಿ ತೊಟ್ಟಿಕ್ಕುತ್ತ ಫ್ಯಾನಿಗೂ ಬಗ್ಗದಿದ್ದರೆ ಅಲ್ಲಿ ಹೊದಿಕೆಯ ಒಳಗೇ ನೀರು ಸೇರಿದೆ ಎಂದು ಅನುಮಾನಿಸಬೇಕು.

ಆ ಎರಡನೆಯದೇ ಹೆಚ್ಚು ಕೆಟ್ಟದ್ದು. ಆ ದಿನದ ಕೋಣೆಯಲ್ಲಿ ನೀರಾವಿಯ ಒತ್ತಡ, 6 ಡಿಗ್ರಿಯ ಪೈಪಿನ ಮೈ ಹತ್ತಿರ ಇರಬಹುದಾದ ಒತ್ತಡದ ಮೂರು ಪಟ್ಟಿಗಿಂತ ಹೆಚ್ಚು. ಆವಿ ಹಗಲೂ ರಾತ್ರಿ ಒಳಗೆ ನುಗ್ಗಲು ದಾರಿ ಹುಡುಕುತ್ತಲೇ ಇರುತ್ತದೆ. ನೈಟ್ರೈಲ್ ರಬ್ಬರಿನೊಳಗಿನ ಗಾಳಿಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ರಬ್ಬರಿನ ಮೂಲಕ ಅದಕ್ಕೆ ಸುಲಭದ ದಾರಿಯಿಲ್ಲ, ಆದರೆ ಬಿರುಕು ಬಿಟ್ಟ ಜೋಡಣೆಯ ಮೂಲಕ ಇದೆ. ಗ್ಲಾಸ್ ವುಲ್ ಹೊದಿಕೆಯಲ್ಲಂತೂ ಮೇಲಿನ ಫಾಯಿಲ್ ಒಂದೇ ಕಾವಲು, ಅದು ಒಂದು ಕಡೆ ಹರಿದರೆ ಮುಗಿಯಿತು. ಒಳಗೆ ಹೋದ ಆವಿ ಪೈಪಿನ ಮೇಲೆ ನೀರಾಗಿ ತಳಕ್ಕೆ ಇಳಿಯುತ್ತದೆ. ಈ ರಬ್ಬರಿಗಿಂತ ನೀರು ಹದಿನಾರು ಪಟ್ಟು ಸಲೀಸಾಗಿ ಶಾಖ ಸಾಗಿಸುತ್ತದೆ. ಒದ್ದೆಯಾದಷ್ಟೂ ಹೊದಿಕೆ ಸೋಲುತ್ತದೆ, ಸೋತಷ್ಟೂ ಮೈ ತಣ್ಣಗಾಗುತ್ತದೆ, ಒಳಗೆ ಪೈಪು ತುಕ್ಕು ಹಿಡಿಯುತ್ತದೆ. ಇಂಥ ಕಡೆ ಇನ್ನೊಂದು ಪದರ ಸುತ್ತಿದರೆ ಒದ್ದೆಯನ್ನು ಒಳಗೇ ಕಟ್ಟಿಹಾಕಿದಂತೆ. ಕತ್ತರಿಸಿ ತೆಗೆದು, ಪೈಪು ಒರೆಸಿ, ಹೊಸದಾಗಿ ಹಾಕುವುದೊಂದೇ ದಾರಿ.

ಮಂಗಳೂರಿನಲ್ಲಿ ತಗಡು ಬಿಚ್ಚಿ ನೋಡಿದಾಗ ನೇರ ಪೈಪಿನ ರಬ್ಬರು ಒಳಗೆ ಒಣಗಿಯೇ ಇತ್ತು. ಹಾಗಾಗಿ ಅದರ ಮೇಲೆಯೇ 19 ಮಿ.ಮೀ. ಪದರ ಸೇರಿಸಿದರು. ಕೆಳಪದರದ ಸೀಳು ಇದ್ದಲ್ಲಿ ಮೇಲಿನದರ ಸೀಳು ಬರದಂತೆ ತಿರುಗಿಸಿ, ಚಿಲ್ಲರ್ ನಿಲ್ಲಿಸಿ, ಗಮ್ಮು ಒಣಗಲು ಒಂದೂವರೆ ದಿನ ಬಿಟ್ಟರು. ತಣ್ಣಗಿನ ಒದ್ದೆ ಪೈಪಿನ ಮೇಲೆ ಗಮ್ಮು ಹಿಡಿಯುವುದಿಲ್ಲ ಎಂಬುದನ್ನು ಆಸ್ಪತ್ರೆಯ ಆಡಳಿತಕ್ಕೆ ಒಪ್ಪಿಸಲು ವಾರ ಹಿಡಿಯಿತು ಎಂದು ಆಮೇಲೆ ಕೇಳಿದೆ. ತಗಡನ್ನು ಮತ್ತೆ ಹಾಕಿಯೇ ಹಾಕುತ್ತೇವೆ ಎಂದರು. ಹಾಕಿ, ಆದರೆ ಹೊಳಪಿಲ್ಲದ ಬೂದು ಬಣ್ಣ ಬಳಿಯಿರಿ ಎಂದೆವು. ಬಣ್ಣ ಬಳಿದ 44 ಮಿ.ಮೀ. ಹೊದಿಕೆ ಶೇ. 92ರವರೆಗೆ ತಡೆಯುತ್ತದೆ, ಮಿಂಚುವ ತಗಡಾದರೆ ಅದೇ 44 ಮಿ.ಮೀ. 87ಕ್ಕೇ ಕೈಚೆಲ್ಲುತ್ತದೆ. 95 ಮುಟ್ಟುವ ಕೆಲವು ದಿನಗಳಿಗೆಂದು 67 ಮಿ.ಮೀ. ಸುತ್ತುವ ಬದಲು ಕೋಣೆಗೊಂದು ಡಿಹ್ಯುಮಿಡಿಫೈಯರ್ ಇಟ್ಟರು. ಬಾಗಿಲು ಮುಚ್ಚಿಟ್ಟರೆ ಮಾತ್ರ ಅದರಿಂದ ಪ್ರಯೋಜನ.

ಎರಡು ಜಾಗಗಳು ಬೇರೆಯೇ ತಕರಾರು ತೆಗೆದವು. ಪೈಪನ್ನು ಸೂರಿಗೆ ತೂಗುಹಾಕಿದ್ದ ಕ್ಲಾಂಪುಗಳು ನೇರ ಕಬ್ಬಿಣವನ್ನೇ ಕಚ್ಚಿಕೊಂಡಿದ್ದವು, ರಬ್ಬರನ್ನು ಅವುಗಳ ಸುತ್ತ ಕತ್ತರಿಸಿ ಕೂರಿಸಿದ್ದರು. ಪೈಪಿನ ತಂಪು ಕ್ಲಾಂಪಿಗೆ, ಕ್ಲಾಂಪಿನಿಂದ ರಾಡಿಗೆ ಏರಿ ಅರ್ಧ ಅಡಿಯವರೆಗೆ ರಾಡು ಬೆವರುತ್ತಿತ್ತು. ಪೈಪಿಗೂ ಕ್ಲಾಂಪಿಗೂ ನಡುವೆ, ಹೊದಿಕೆಯಷ್ಟೇ ದಪ್ಪದ ಮರದ ಅಥವಾ ಗಟ್ಟಿ ಫೋಮಿನ ತುಂಡು ಕೂರಿಸಿದ ಮೇಲೆ ಅದು ನಿಂತಿತು. ಇನ್ನೊಂದು, ವಾಲ್ವುಗಳು. ಹಿಡಿ ತಿರುಗಿಸಲು ಅನುಕೂಲವಾಗಲೆಂದು ಅವುಗಳ ಕುತ್ತಿಗೆಯನ್ನು ಬರಿದೇ ಬಿಟ್ಟಿದ್ದರು. ಅಲ್ಲಿಂದ ಒಳಹೊಕ್ಕ ಆವಿ ಎರಡೂ ಬದಿಗೆ ಒಂದೊಂದು ಅಡಿ ಹೊದಿಕೆಯನ್ನು ನೆನೆಸಿಟ್ಟಿತ್ತು. ಬ್ಲೇಡಿನಿಂದ ಸೀಳಿದಾಗ ನೀರು ಧಾರೆಯಾಗಿ ಸುರಿಯಿತು.

ಸೆಪ್ಟೆಂಬರಿನಲ್ಲಿ ಮತ್ತೆ ಹೋದಾಗ ಬಕೆಟ್ ಒಂದೇ ಉಳಿದಿತ್ತು. ಮೂಲೆಯ ವಾಲ್ವಿನ ಕೆಳಗೆ. "ಅದರ ಬಾಕ್ಸ್ ಬಿಚ್ಚಿದವರು ವಾಪಸ್ ಹಾಕಲಿಲ್ಲ" ಎಂದರು ಆಪರೇಟರ್, ಬಕೆಟನ್ನು ಕಾಲಿನಿಂದ ಸರಿಮಾಡುತ್ತ.