ಹಾಲು ಬಿದ್ದರೆ ಚಹಾದ ಸತ್ವ ಹೋಗುತ್ತದೆಯೇ?

ಹುಬ್ಬಳ್ಳಿಯಿಂದ ಶಿಗ್ಗಾಂವಿ ಕಡೆ ಬರುವ ಹೆದ್ದಾರಿಯಲ್ಲಿ ತಡಸ ಕ್ರಾಸ್ ಅಂದರೆ ಚಹಾಕ್ಕೆ ಗಾಡಿ ನಿಲ್ಲಿಸುವ ಜಾಗ. ಮುಂಡಗೋಡ ಕಡೆ ಹೊರಳುವವರೂ ಹಾವೇರಿ ಕಡೆ ನೇರ ಹೋಗುವವರೂ ಇಲ್ಲಿ ಒಂದು ಕಪ್ ಕುಡಿದೇ ಮುಂದೆ ಸಾಗುತ್ತಾರೆ. ಕೆಲ ವರ್ಷಗಳ ಹಿಂದೆ ಇಲ್ಲಿ ಚಹಾ ಎಂದರೆ ಹಾಲಿನ ಚಹಾ ಒಂದೇ ಆಗಿತ್ತು. ಈಗ ಅದೇ ಬೆಂಚಿನ ಮೇಲೆ ಕೂತವರು ಬ್ಲ್ಯಾಕ್ ಟೀ, ಲೆಮನ್ ಟೀ ಕೇಳುತ್ತಾರೆ. ಯಾಕೆಂದು ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೇ: "ಹಾಲು ಹಾಕಿದ್ರ ಚಾದಾಗಿನ ಸತ್ವ ಎಲ್ಲಾ ಹೋಗ್ತೈತಂತ." ಈ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧವನ್ನು ಬಿಡಿಸಿ ನೋಡದಿದ್ದರೆ, ಒಳ್ಳೆಯದಕ್ಕೆಂದು ಮಾಡಿದ ಬದಲಾವಣೆಯೇ ಮೈಗೆ ಮುಳುವಾಗಬಹುದು.

ತಪ್ಪು ಕಲ್ಪನೆ 1: ಹಾಲು ಬಿದ್ದ ಕೂಡಲೇ ಆ್ಯಂಟಿಆಕ್ಸಿಡೆಂಟ್‌ಗಳು ನಾಶವಾಗುತ್ತವೆ

ಸತ್ಯ: ನಾಶವಾಗುವುದಿಲ್ಲ, ಅಂಟಿಕೊಳ್ಳುತ್ತವೆ.

ಚಹಾ ಎಲೆಯಲ್ಲಿರುವ ಆ್ಯಂಟಿಆಕ್ಸಿಡೆಂಟ್‌ಗಳು ಪಾಲಿಫಿನಾಲ್ ಎಂಬ ಗುಂಪಿಗೆ ಸೇರಿದವು. ಹಸಿರು ಎಲೆಯಲ್ಲಿ ಅವು ಕ್ಯಾಟಿಚಿನ್ ರೂಪದಲ್ಲಿರುತ್ತವೆ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಗಾಳಿಗೆ ಬಿಟ್ಟಾಗ ಬಣ್ಣ ಕಪ್ಪಾಗುತ್ತದೆ, ಕ್ಯಾಟಿಚಿನ್‌ಗಳಲ್ಲಿ ಬಹುಪಾಲು ಥಿಯಾಫ್ಲಾವಿನ್, ಥಿಯಾರುಬಿಜಿನ್ ಎಂಬ ದೊಡ್ಡ ಕಣಗಳಾಗುತ್ತವೆ. ನಮ್ಮ ಅಂಗಡಿಗಳ ಕಾಳು ಕಾಳಾದ ಸಿಟಿಸಿ ಪುಡಿಯ ಕೆಂಪು ಬಣ್ಣ ಮತ್ತು ಖಡಕ್ ರುಚಿಗೆ ಇವೇ ಕಾರಣ.

ಸಕ್ಕರೆ ಇಲ್ಲದ ಕರಿ ಚಹಾದ ಒಂದು ಗುಟುಕನ್ನು ಬಾಯಲ್ಲಿ ತಿರುಗಿಸಿ ನೋಡಿ. ನಾಲಿಗೆ ಒಣಗಿದಂತಾಗಿ ಒಸಡು ಬಿಗಿಯುತ್ತದೆ. ಪಾಲಿಫಿನಾಲ್‌ಗಳು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುತನವನ್ನು ಕಳೆಯುವುದರಿಂದಲೇ ಈ ಒಗರು. ಹಾನಗಲ್ ಕಡೆಯ ಹಸಿ ಅಡಿಕೆ ಬಾಯಿ ಕಟ್ಟುವುದೂ ಹೀಗೆಯೇ. ಅದೇ ಗುಟುಕಿಗೆ ಒಂದು ಚಮಚ ಹಾಲು ಬೆರೆಸಿದರೆ ಒಗರು ಇಳಿಯುತ್ತದೆ. ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸಿನ್ ಪಾಲಿಫಿನಾಲನ್ನು ಮೊದಲೇ ಹಿಡಿದುಕೊಂಡಿರುತ್ತದೆ, ಹಾಗಾಗಿ ಜೊಲ್ಲಿನ ಪ್ರೋಟೀನಿಗೆ ಅಂಟಲು ಅದಕ್ಕೆ ಬಿಡುವಿಲ್ಲ. ಅಂದರೆ "ಹಾಲು ಕಟ್ಟಿಹಾಕುತ್ತದೆ" ಎಂಬುದು ಕಪ್ಪಿನ ಮಟ್ಟಿಗೆ ಖರೆ. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಅಳೆದರೂ ಹಾಲು ಬೆರೆಸಿದ ಚಹಾದ ಆ್ಯಂಟಿಆಕ್ಸಿಡೆಂಟ್ ಅಂಕ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ.

ಆದರೆ ಚಹಾ ಕಪ್ಪಿನಲ್ಲೇ ಉಳಿಯುವುದಿಲ್ಲ. ಕೇಸಿನ್ ಮತ್ತು ಪಾಲಿಫಿನಾಲ್ ನಡುವಿನ ಹಿಡಿತ ಸಡಿಲವಾದದ್ದು. ಜಠರದಲ್ಲಿ ಪೆಪ್ಸಿನ್, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಸೇರಿ ಕೇಸಿನ್ನನ್ನು ಚೂರು ಚೂರು ಮಾಡುತ್ತವೆ. ಹಿಡಿದುಕೊಂಡಿದ್ದ ಪ್ರೋಟೀನೇ ಕರಗಿದ ಮೇಲೆ ಪಾಲಿಫಿನಾಲ್ ಬಿಡುಗಡೆಯಾಗುತ್ತದೆ. ಇನ್ನು ಥಿಯಾರುಬಿಜಿನ್‌ನಂಥ ದೊಡ್ಡ ಕಣಗಳು ಹಾಲಿರಲಿ ಬಿಡಲಿ, ನೇರವಾಗಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಅವು ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಸಣ್ಣ ಕಣಗಳಾಗಿ ಒಡೆದ ಮೇಲೆ ಮೈಗೆ ಹತ್ತುತ್ತವೆ.

ತಪ್ಪು ಕಲ್ಪನೆ 2: ಹಾಲಿನ ಚಹಾದಿಂದ ಪ್ರಯೋಜನ ಇಲ್ಲವೆಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ

ಸತ್ಯ: ಕೆಲವು ಅಧ್ಯಯನಗಳು ಹಾಗೆ ಹೇಳಿದವು, ಹಲವು ಬೇರೆ ಹೇಳಿದವು.

ಈ ಮಾತು ಹೆಚ್ಚು ಹಬ್ಬಿದ್ದು 2007ರಲ್ಲಿ ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಸಂಶೋಧಕರು ಪ್ರಕಟಿಸಿದ ವರದಿಯಿಂದ. ಮುಟ್ಟು ನಿಂತ 16 ಆರೋಗ್ಯವಂತ ಮಹಿಳೆಯರಿಗೆ ಬೇರೆ ಬೇರೆ ದಿನ ಅರ್ಧ ಲೀಟರ್ ಕರಿ ಚಹಾ, ಶೇ 10ರಷ್ಟು ಕೆನೆರಹಿತ ಹಾಲು ಬೆರೆಸಿದ ಚಹಾ ಮತ್ತು ಬರೀ ಬಿಸಿನೀರು ಕೊಟ್ಟು, ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತದೆಂದು ಅಲ್ಟ್ರಾಸೌಂಡ್‌ನಲ್ಲಿ ಅಳೆದರು. ಕರಿ ಚಹಾ ಕುಡಿದಾಗ ನಾಳ ಚೆನ್ನಾಗಿ ಹಿಗ್ಗಿತು, ಹಾಲು ಸೇರಿದಾಗ ಆ ಲಾಭ ಕಾಣಲಿಲ್ಲ. ಅಧ್ಯಯನ ಅಚ್ಚುಕಟ್ಟಾಗಿತ್ತು, ಆದರೆ ಅಳೆದದ್ದು 16 ಜನರಲ್ಲಿ, ಚಹಾ ಕುಡಿದ ಮೇಲಿನ ಸ್ವಲ್ಪ ಹೊತ್ತಿನ ಪರಿಣಾಮವನ್ನು ಮಾತ್ರ.

ರಕ್ತದಲ್ಲಿ ಪಾಲಿಫಿನಾಲನ್ನೇ ಹುಡುಕಿದ ಅಧ್ಯಯನಗಳು ಬೇರೆ ಕಥೆ ಹೇಳುತ್ತವೆ. 1998ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಕರಿ ಚಹಾ ಮತ್ತು ಹಾಲಿನ ಚಹಾ ಕುಡಿದವರ ರಕ್ತದ ಕ್ಯಾಟಿಚಿನ್ ಅಳೆದು, ಹಾಲಿನಿಂದ ಅದು ಕಡಿಮೆಯಾಗಲಿಲ್ಲವೆಂದು ಕಂಡರು. ನಮ್ಮ ಹತ್ತಿರದ್ದೇ ಆದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2005ರಲ್ಲಿ ಜನರ ಮೇಲೆಯೇ ಪರೀಕ್ಷೆ ಮಾಡಿ, ಹಾಲು ಬೆರೆಸಿದ್ದರಿಂದ ಕರಿ ಚಹಾ ದೇಹದಲ್ಲಿ ಮಾಡುವ ಆ್ಯಂಟಿಆಕ್ಸಿಡೆಂಟ್ ಕೆಲಸಕ್ಕೆ ಅಡ್ಡಿಯಾಗಲಿಲ್ಲ ಎಂದು ವರದಿ ಮಾಡಿತು. 2022ರಲ್ಲಿ ಬ್ರಿಟನ್ನಿನ ಸುಮಾರು 5 ಲಕ್ಷ ಜನರ ಮಾಹಿತಿ ತೆಗೆದು ನೋಡಿದಾಗ, ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಚಹಾ ಕುಡಿಯುವವರಲ್ಲಿ ಸಾವಿನ ಪ್ರಮಾಣ ಸ್ವಲ್ಪ ಕಡಿಮೆ ಇತ್ತು. ಹಾಲು ಹಾಕುವವರಲ್ಲೂ ಹಾಕದವರಲ್ಲೂ ಈ ಮಾತು ನಿಂತಿತು.

ಇಲ್ಲಿ ಒಂದು ಎಚ್ಚರ ಬೇಕು. ಬ್ರಿಟನ್ನಿನವರು ಚಹಾಕ್ಕೆ ಹನಿಸುವುದು ಚೂರು ಹಾಲು. ನಮ್ಮಲ್ಲಿ ಗಟ್ಟಿ ಎಮ್ಮೆ ಹಾಲು ಅರ್ಧದಷ್ಟು ಬಿದ್ದು, ಪುಡಿಯ ಜೊತೆಗೇ ಕುದಿಯುತ್ತದೆ. ಒಂದು ಸಣ್ಣ ಕಪ್ಪಿನಲ್ಲಿ 40 ಮಿಲಿ ಹಾಲಿದ್ದರೆ ಕೇಸಿನ್ ಒಂದು ಗ್ರಾಮಿಗೂ ಹೆಚ್ಚಾಗುತ್ತದೆ, ಪಾಲಿಫಿನಾಲ್ ಇರುವುದು ಅದರ ಸಣ್ಣ ಪಾಲು ಮಾತ್ರ. ಹಾಗಾಗಿ ವಿದೇಶದ ಲೆಕ್ಕವನ್ನು ನಮ್ಮ ಕಪ್ಪಿಗೆ ತಂದು ಸುರಿಯುವ ಮುನ್ನ ಬೇರೆ ಸಾಕ್ಷಿಯೂ ಬೇಕು. ಅದು ಸಿಗುವುದು ಕಬ್ಬಿಣಾಂಶದಲ್ಲಿ.

ತಪ್ಪು ಕಲ್ಪನೆ 3: ಊಟವಾದ ಮೇಲೆ ಕರಿ ಚಹಾ ಕುಡಿದರೆ ಒಳ್ಳೆಯದು, ಹಾಲಿನ ಚಹಾ ಆದರೂ ತೊಂದರೆ ಇಲ್ಲ

ಸತ್ಯ: ಊಟದ ಜೊತೆಗೆ ಎರಡೂ ಬೇಡ.

ರೊಟ್ಟಿ, ಮಡಿಕೆ ಕಾಳು, ಪುಂಡಿಪಲ್ಲೆ, ಮೆಂತ್ಯ ಇವುಗಳಲ್ಲಿರುವ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದರ ಮೇಲೆ ಚಹಾ ಬಿದ್ದರೆ ಪಾಲಿಫಿನಾಲ್‌ಗಳು ಕರುಳಿನಲ್ಲಿ ಕಬ್ಬಿಣವನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಸಾಗಿಸುತ್ತವೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರೆಡ್ಡಿನ ಊಟದ ಜೊತೆ ಕರಿ ಚಹಾ ಕುಡಿದವರಲ್ಲಿ ಕಬ್ಬಿಣ ಹೀರುವಿಕೆ ಶೇ 79ರಿಂದ 94ರಷ್ಟು ಕುಸಿಯಿತು. ಹಾಲು ಬೆರೆಸಿ ನೋಡಿದಾಗ ಈ ಕುಸಿತ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು.

ಇದರಲ್ಲಿ ನಮ್ಮ ಮೂಲ ಪ್ರಶ್ನೆಗೂ ಉತ್ತರ ಅಡಗಿದೆ. ಹಾಲು ಪಾಲಿಫಿನಾಲನ್ನು ಬಿಡದಂತೆ ಕಟ್ಟಿಹಾಕಿದ್ದರೆ, ಅದು ಕಬ್ಬಿಣವನ್ನು ಹಿಡಿಯಲು ಆಗುತ್ತಲೇ ಇರಲಿಲ್ಲ. ಹಿಡಿಯಿತು ಎಂದರೆ ಕರುಳಿನಲ್ಲಿ ಅದು ಬಿಡುಗಡೆಯಾಗಿತ್ತು ಎಂದರ್ಥ. ಹಾಲಿನ ಚಹಾದಲ್ಲಿ ಸತ್ವ ಉಳಿದಿದೆ, ಅದರ ಕೆಡುಕೂ ಉಳಿದಿದೆ.

ಕರ್ನಾಟಕದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆಯೆಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹೊಲದಿಂದ ಬಂದು ರೊಟ್ಟಿ ತಿಂದು, ಕೈ ತೊಳೆದ ಕೂಡಲೇ ಚಹಾ ಕುಡಿಯುವ ಹೆಣ್ಣುಮಕ್ಕಳಿಗೆ ಯಾವ ಚಹಾ ಎನ್ನುವುದಕ್ಕಿಂತ ಯಾವಾಗ ಎನ್ನುವುದು ದೊಡ್ಡ ಮಾತು. 2024ರಲ್ಲಿ ಬಂದ ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮಾರ್ಗಸೂಚಿ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು, ಊಟದ ನಂತರ ಒಂದು ಗಂಟೆ ಚಹಾ-ಕಾಫಿ ಬೇಡ ಎನ್ನುತ್ತದೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಗುಳಿಗೆಯನ್ನು ಚಹಾದ ಜೊತೆ ನುಂಗುವುದಂತೂ ಗುಳಿಗೆಯನ್ನು ದಂಡ ಮಾಡಿದಂತೆ.

ತಪ್ಪು ಕಲ್ಪನೆ 4: ಲಿಂಬು ಹಿಂಡಿದರೆ ಚಹಾ ಔಷಧಿಯಾಗುತ್ತದೆ

ಸತ್ಯ: ಲಿಂಬು ಸಹಾಯ ಮಾಡುತ್ತದೆ, ಆದರೆ ಅಷ್ಟಲ್ಲ.

ಕ್ಯಾಟಿಚಿನ್‌ಗಳು ಹುಳಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತವೆ, ಸಣ್ಣ ಕರುಳಿನ ಕ್ಷಾರೀಯ ವಾತಾವರಣದಲ್ಲಿ ಬೇಗ ಹಾಳಾಗುತ್ತವೆ. 2007ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಜೀರ್ಣಕ್ರಿಯೆಯನ್ನು ಪ್ರಯೋಗಾಲಯದಲ್ಲಿ ಅನುಕರಿಸಿ ನೋಡಿದಾಗ, ಬರೀ ಹಸಿರು ಚಹಾದ ಕ್ಯಾಟಿಚಿನ್‌ಗಳಲ್ಲಿ ಕೊನೆಗೆ ಉಳಿದದ್ದು ಶೇ 20ಕ್ಕಿಂತ ಕಡಿಮೆ. ಲಿಂಬು ಜಾತಿಯ ರಸ ಸೇರಿಸಿದಾಗ ಅದು ಬಹಳಷ್ಟು ಏರಿತು. ಲೆಮನ್ ಟೀ ಹೊಗಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ಪ್ರಯೋಗದಲ್ಲಿ ಹಸುವಿನ ಹಾಲು ಬೆರೆಸಿದಾಗಲೂ ಉಳಿದ ಪ್ರಮಾಣ ಅರ್ಧದಷ್ಟಕ್ಕೆ ಏರಿತ್ತು. ಪರೀಕ್ಷಿಸಿದ್ದು ಹಸಿರು ಚಹಾವನ್ನು ಎಂಬುದೂ ನೆನಪಿರಬೇಕು, ಸಿಟಿಸಿ ಪುಡಿಯಲ್ಲಿ ಕ್ಯಾಟಿಚಿನ್ ಉಳಿದಿರುವುದೇ ಕಡಿಮೆ.

ಲಿಂಬು ಬಿದ್ದ ಕೂಡಲೇ ಚಹಾದ ಬಣ್ಣ ತಿಳಿಯಾಗುವುದನ್ನು ನೋಡಿ ಕೆಲವರು ಸತ್ವ ಹೋಯಿತು ಎನ್ನುತ್ತಾರೆ, ಕೆಲವರು ಕೊಳೆ ತೆಗೆಯಿತು ಎನ್ನುತ್ತಾರೆ. ಎರಡೂ ಅಲ್ಲ. ಥಿಯಾರುಬಿಜಿನ್ ಹುಳಿಯಲ್ಲಿ ತಿಳಿ ಬಣ್ಣ ತೋರಿಸುತ್ತದೆ, ಅಷ್ಟೇ. ಇನ್ನು ಅಂಗಡಿಯಲ್ಲಿ ಹಿಂಡುವ ಒಂದು ಚಮಚ ರಸದಲ್ಲಿ ಸಿ ಜೀವಸತ್ವ ಕೆಲವೇ ಮಿಲಿಗ್ರಾಂ. ಅದನ್ನು ಚಹಾದ ಬದಲು ಪಲ್ಲೆಯ ಮೇಲೋ ಕೋಸಂಬರಿಯ ಮೇಲೋ ಹಿಂಡಿದರೆ, ಊಟದ ಕಬ್ಬಿಣ ಮೈಗೆ ಹತ್ತಲು ನೇರವಾಗಿ ನೆರವಾಗುತ್ತದೆ.

ತಪ್ಪು ಕಲ್ಪನೆ 5: ಹಾಲು ಬಿಟ್ಟು ಲೆಮನ್ ಟೀಗೆ ಬಂದರೆ ಆರೋಗ್ಯ ಸುಧಾರಿಸುತ್ತದೆ

ಸತ್ಯ: ಸಕ್ಕರೆ ಬಿಡದೆ ಸುಧಾರಿಸುವುದಿಲ್ಲ.

ದಿನಕ್ಕೆ ಆರು ಕಪ್ ಕುಡಿಯುವ ಒಬ್ಬ ಲಾರಿ ಚಾಲಕನ ಲೆಕ್ಕ ಹಾಕೋಣ. ಹಾಲಿನ ಚಹಾದ ಕಪ್ಪಿಗೆ ಒಂದೂವರೆ ಚಮಚ, ಅಂದರೆ 6 ಗ್ರಾಂ ಸಕ್ಕರೆ. ಆರು ಕಪ್ಪಿಗೆ 36 ಗ್ರಾಂ. ಸತ್ವ ಹೋಗುತ್ತದೆಂದು ಹೆದರಿ ಅವನು ಲೆಮನ್ ಟೀಗೆ ಬದಲಾಗುತ್ತಾನೆ. ಹುಳಿಯನ್ನೂ ಒಗರನ್ನೂ ಮುಚ್ಚಲು ಅಂಗಡಿಯವರು ಅದಕ್ಕೆ ಎರಡು ಚಮಚ ಹಾಕಿದರೆ ಕಪ್ಪಿಗೆ 8 ಗ್ರಾಂ, ದಿನಕ್ಕೆ 48 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಮಿನೊಳಗೆ ಇಟ್ಟರೆ ಒಳ್ಳೆಯದು ಎನ್ನುತ್ತದೆ. ಅವನು ಹಾಲಿನ ಕೊಬ್ಬನ್ನು ಬಿಟ್ಟದ್ದು ನಿಜ, ಜೊತೆಗೆ ಹಾಲಿನ ಪ್ರೋಟೀನ್ ಮತ್ತು ಸುಣ್ಣದಂಶವನ್ನೂ ಬಿಟ್ಟ, ಸಕ್ಕರೆಯನ್ನು ಮಾತ್ರ ಹೆಚ್ಚು ಮಾಡಿಕೊಂಡ. ಸಕ್ಕರೆ ಕಾಯಿಲೆ ಇರುವವರಿಗೆ ಈ ವಿನಿಮಯ ನಷ್ಟದ್ದೇ.

ಮೂರೂ ಬಗೆಯ ಚಹಾವನ್ನು ಒಟ್ಟಿಗೆ ಇಟ್ಟು ನೋಡಿದರೆ, ಸಕ್ಕರೆ ಇಲ್ಲದ ಕರಿ ಚಹಾ ಮೊದಲ ಸ್ಥಾನದಲ್ಲಿ ನಿಲ್ಲುತ್ತದೆ. ಅದಕ್ಕೆ ಕಾರಣ ಅದರಲ್ಲಿ ಬೇರೇನೂ ಇಲ್ಲದಿರುವುದು. ಸಕ್ಕರೆ ಇಲ್ಲದ ಲಿಂಬು ಚಹಾ ಅದಕ್ಕೆ ಸರಿಸಮ, ಹೊಟ್ಟೆಯಲ್ಲಿ ಹುಳಿ ಏರುವವರಿಗೆ ಮಾತ್ರ ಒಗ್ಗುವುದಿಲ್ಲ. ಹಾಲಿನ ಚಹಾ ಇಷ್ಟವಾದರೆ ಸತ್ವದ ಚಿಂತೆ ಬಿಟ್ಟು ಕುಡಿಯಿರಿ. ಪುಡಿಯನ್ನು ಮೊದಲು ನೀರಿನಲ್ಲೇ ಎರಡು ಮೂರು ನಿಮಿಷ ಕುದಿಸಿ, ಹಾಲನ್ನು ಆಮೇಲೆ ಹಾಕಿದರೆ ಪುಡಿ ಚೆನ್ನಾಗಿ ಬಿಡುತ್ತದೆ. ಮುಂದಿನ ಸಲ ತಡಸ ಕ್ರಾಸಿನಲ್ಲಿ ನಿಂತಾಗ ಹಾಲು ಬೇಕೋ ಬೇಡವೋ ನಿಮ್ಮ ರುಚಿಗೆ ಬಿಟ್ಟದ್ದು. "ಸಕ್ರಿ ಕಡಿಮಿ ಹಾಕ್ರಿ" ಎಂದು ಹೇಳುವುದನ್ನು ಮಾತ್ರ ಮರೆಯಬೇಡಿ, ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಿ.